ಮೇಲೆ ರೇಷ್ಮೆ ಸೀರೆ, ಹೊರಗೆ ಬೆಟ್ಟದ ಚಳಿ: ಸ್ವೆಟರ್, ಶಾಲು, ಜಾಕೆಟ್ ಆರಿಸುವುದು ಹೇಗೆ?

ದೀಪಾವಳಿ ಮುಗಿಯುತ್ತಿದ್ದ ಹಾಗೆ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರಲು ಶುರುವಾಗುತ್ತದೆ. "ಮಡಿಕೇರಿಯಲ್ಲಿ ನೆಂಟರ ಗೃಹಪ್ರವೇಶ, ಬೆಳಗ್ಗೆ ಆರಕ್ಕೆಲ್ಲ ಅಲ್ಲಿರಬೇಕು. ಸೀರೆ ಮೇಲೆ ಏನು ಹಾಕ್ಕೊಳ್ಳಲಿ?" "ಊಟಿಗೆ ಹೋಗ್ತಿದೀವಿ, ಚೂಡಿದಾರ್ ಮೇಲೆ ಸ್ವೆಟರ್ ಚೆನ್ನಾಗಿರುತ್ತಾ, ಜಾಕೆಟ್ ಚೆನ್ನಾಗಿರುತ್ತಾ?" "ಅಪ್ಪ ಪಂಚೆ ಬಿಡಲ್ಲ, ಚಳಿ ತಡೆಯಲ್ಲ, ಏನ್ಮಾಡೋದು?" ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ಇದು ಹಿಮಾಲಯದ ಚಳಿಯ ಲೇಖನ ಅಲ್ಲ. ನಮ್ಮ ಕಡೆಯ ಬೆಟ್ಟದೂರುಗಳಲ್ಲಿ ಬೆಳಗ್ಗೆ ಐದರಿಂದ ಒಂಬತ್ತರವರೆಗೆ ನಡುಗಿಸುವ ಚಳಿ, ಹನ್ನೊಂದಕ್ಕೆ ಬೆವರು. ಹಾಗಾಗಿ ಇಲ್ಲಿ ಬೇಕಾಗುವುದು ಬೆಚ್ಚಗಿಡುವ ಬಟ್ಟೆಯಷ್ಟೇ ಅಲ್ಲ. ಸೆರಗು ಕೆಡದ ಹಾಗೆ, ಪಿನ್ ಬಿಚ್ಚದೆ, ಹತ್ತು ಜನರ ಮಧ್ಯೆ ನಿಂತೇ ತೆಗೆದುಬಿಡಬಹುದಾದ ಬಟ್ಟೆ. ಅಂಗಡಿಯಲ್ಲಿ ಸ್ವೆಟರ್ ಹಿಡಿದು ನೋಡುವಾಗ ಈ ಎರಡನೆಯದನ್ನು ನಾವು ಯೋಚಿಸುವುದೇ ಇಲ್ಲ.

1. ಹೋಗುವ ಊರಿನ ಚಳಿ ಯಾವ ಥರದ್ದು, ಮೊದಲು ತಿಳಿದುಕೊಳ್ಳಿ

ಒಂದು ಸುಲಭದ ಲೆಕ್ಕ ಇದೆ. ಸಾವಿರ ಮೀಟರ್ ಮೇಲಕ್ಕೆ ಹೋದರೆ ಸುಮಾರು ಆರೂವರೆ ಡಿಗ್ರಿ ಕಡಿಮೆಯಾಗುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಊಟಿ 2,240 ಮೀಟರ್. ವ್ಯತ್ಯಾಸ 1,300 ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಅಂದರೆ ಬೆಂಗಳೂರಿನಲ್ಲಿ ಬೆಳಗ್ಗೆ 16 ಡಿಗ್ರಿ ಇದ್ದ ದಿನ ಊಟಿಯಲ್ಲಿ ಏಳೋ ಎಂಟೋ ಇರುತ್ತದೆ. ಜನವರಿಯಲ್ಲಿ ತಗ್ಗಿನ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ ಬೆಳ್ಳಗೆ ಕೂತಿರುವುದೂ ಉಂಟು. ಮಡಿಕೇರಿ ಇರುವುದು ಸುಮಾರು 1,150 ಮೀಟರ್‌ನಲ್ಲಿ. ಎತ್ತರದ ಲೆಕ್ಕದಲ್ಲಿ ಅದು ಬೆಂಗಳೂರಿಗಿಂತ ಒಂದೆರಡು ಡಿಗ್ರಿ ತಣ್ಣಗೆ, ಅಷ್ಟೇ. ಆದರೂ ಅಲ್ಲಿ ಜಾಸ್ತಿ ಚಳಿ ಅನ್ನಿಸುತ್ತದಲ್ವಾ? ಅದಕ್ಕೆ ಕಾರಣ ತೇವ ಮತ್ತು ಗಾಳಿ.

ಹಾಗಾಗಿ ಡಿಗ್ರಿಯ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ಒಣ ಚಳಿಯಾ, ಮಂಜಿನ ಚಳಿಯಾ, ಗಾಳಿಯ ಚಳಿಯಾ? ಜನವರಿಯ ಊಟಿಯದು ಹೆಚ್ಚಾಗಿ ಒಣ ಚಳಿ. ಅಲ್ಲಿ ಉಣ್ಣೆಯ ಸ್ವೆಟರ್ ಸಾಕು. ಅಕ್ಟೋಬರಿನ ತಲಕಾವೇರಿಯಲ್ಲಿ ಮಂಜು ಬಟ್ಟೆಯೊಳಗೆ ಇಳಿಯುತ್ತದೆ. ಅಲ್ಲಿ ಹತ್ತಿ ಬಟ್ಟೆ ನಿಮ್ಮ ಶತ್ರು. ಮುಳ್ಳಯ್ಯನಗಿರಿಯಂಥ ತುದಿಯಲ್ಲಿ ಎಂಥ ದಪ್ಪ ಸ್ವೆಟರ್ ಹಾಕಿದರೂ ಗಾಳಿ ಹೆಣಿಗೆಯ ತೂತುಗಳಿಂದ ಒಳಗೆ ನುಗ್ಗುತ್ತದೆ. ಅಲ್ಲಿಗೆ ಗಾಳಿ ತಡೆಯುವ ತೆಳ್ಳನೆಯ ಜಾಕೆಟ್ಟೇ ಬೇಕು.

2. ಮೇಲಿನದನ್ನು ಕೊಳ್ಳುವ ಮೊದಲು ಒಳಗಿನಿಂದ ಶುರು ಮಾಡಿ

ಸೀರೆಯಲ್ಲಿ ಚಳಿ ನುಗ್ಗುವುದು ಎರಡೇ ಕಡೆ. ಒಂದು, ಬ್ಲೌಸ್ ಮತ್ತು ಸೀರೆಯ ಮಧ್ಯೆ ಬೆನ್ನಿನ ಕೆಳಗೆ ಬಿಟ್ಟ ಆ ನಾಲ್ಕು ಬೆರಳಿನ ಜಾಗ. ಇನ್ನೊಂದು, ಕಾಲು. ಒಳಲಂಗದೊಳಗೆ ಗಾಳಿ ಕೆಳಗಿನಿಂದ ಸೀದಾ ಬರುತ್ತದೆ. ಮೇಲೆ ಎರಡು ಸಾವಿರದ ಶಾಲು ಹೊದ್ದರೂ ಕಾಲು ತಣ್ಣಗಿದ್ದರೆ ನಡುಕ ನಿಲ್ಲುವುದಿಲ್ಲ.

ಕಾಲಿಗೆ ಉಪಾಯ ಸುಲಭ. ಒಳಲಂಗದ ಕೆಳಗೆ ಥರ್ಮಲ್ ಲೆಗಿಂಗ್ಸ್ ಹಾಕಿಕೊಳ್ಳಿ. ಥರ್ಮಲ್ ಅಂದರೆ ಮೈಗೆ ಅಂಟಿಕೊಂಡಂತೆ ಕೂರುವ, ಒಳಗಡೆ ಮೆತ್ತಗೆ ನವಿರಾಗಿರುವ ಒಳ ಉಡುಪು. ಕಣಕಾಲಿಗಿಂತ ಒಂದು ಗೇಣು ಮೇಲೆಯೇ ನಿಲ್ಲುವಂಥದ್ದು ತೆಗೆದುಕೊಳ್ಳಿ. ಇಲ್ಲದಿದ್ದರೆ ಮೆಟ್ಟಿಲು ಹತ್ತುವಾಗ ಸೀರೆಯ ಅಂಚಿನ ಕೆಳಗೆ ಇಣುಕುತ್ತದೆ. ಸೀರೆ ಉಡುವ ಮೊದಲೇ ಹಾಕಿರಬೇಕು ಎನ್ನುವುದನ್ನು ಮರೆಯಬೇಡಿ. ಲಾಡಿ ಕಟ್ಟುವಾಗ ಥರ್ಮಲ್‌ನ ಎಲಾಸ್ಟಿಕ್ ಮತ್ತು ಲಂಗದ ಲಾಡಿ ಒಂದರ ಮೇಲೊಂದು ಬರದ ಹಾಗೆ ನೋಡಿಕೊಳ್ಳಿ. ಬಂದರೆ ಮಧ್ಯಾಹ್ನದ ಹೊತ್ತಿಗೆ ಸೊಂಟದಲ್ಲಿ ಬರೆ ಎದ್ದಿರುತ್ತದೆ.

ಮೇಲಿನ ಮೈಗೆ ಥರ್ಮಲ್ ಆಗುವುದಿಲ್ಲ. ಅಳತೆಗೆ ಹೊಲಿಸಿದ ಬ್ಲೌಸಿನ ಒಳಗೆ ಇನ್ನೊಂದು ಬಟ್ಟೆ ತೂರಿಸಿದರೆ ಹುಕ್ ಕೂರಲ್ಲ, ಕಂಕುಳ ಹತ್ತಿರ ಹೊಲಿಗೆ ಬಿಡುತ್ತದೆ. ಅದಕ್ಕೆ ಬದಲಾಗಿ ಹೆಣೆದ ಉಣ್ಣೆ ಬ್ಲೌಸ್ ಸಿಗುತ್ತದೆ. ತುಂಬು ತೋಳು, ಸೊಂಟದವರೆಗೆ ಉದ್ದ, ನೋಡಲು ಬಿಗಿಯಾದ ಸ್ವೆಟರ್ ಥರ, ಆದರೆ ಬ್ಲೌಸ್ ಬದಲಿಗೆ ಹಾಕುವುದು. ಬೆನ್ನಿನ ಆ ನಾಲ್ಕು ಬೆರಳು ಜಾಗವೂ ಮುಚ್ಚುತ್ತದೆ. ಮೈಸೂರು ಸಿಲ್ಕ್, ಇಳಕಲ್ ಸೀರೆಗೆ ಇದು ಚೆನ್ನಾಗಿ ಕೂರುತ್ತದೆ. ದೊಡ್ಡ ಜರಿಯ ಕಾಂಚೀಪುರಂಗೆ ನನಗೇನೋ ಅಷ್ಟು ಹಿಡಿಸುವುದಿಲ್ಲ. ಎಚ್ಚರ: ಇದನ್ನು ಹಾಕಿದರೆ ಮಧ್ಯಾಹ್ನ ತೆಗೆಯಲು ಆಗುವುದಿಲ್ಲ. ಇಡೀ ದಿನ ತಂಪಾಗಿರುವ ಊಟಿ, ಕೊಡೈಕೆನಾಲ್‌ಗೆ ಸರಿ. ಮಡಿಕೇರಿ, ಚಿಕ್ಕಮಗಳೂರಿಗೆ ಬೇಡ.

3. ಮೂರರಲ್ಲಿ ಯಾವುದು? ನಿಮ್ಮ ಕೈಗೆ ಏನು ಕೆಲಸ ಇದೆ ನೋಡಿ

ಅಂದ, ಬಣ್ಣ ಆಮೇಲೆ. ನಾನು ಮೊದಲು ಕೇಳುವುದು, ಆ ಬೆಳಗ್ಗೆ ನೀವು ಏನು ಮಾಡುತ್ತೀರಿ ಅಂತ.

ಶಾಲು ಒಂದು ಕೈಯನ್ನು ತಿಂದುಬಿಡುತ್ತದೆ. ಜಾರುತ್ತದೆ, ಎಳೆದುಕೊಳ್ಳುತ್ತೀರಿ, ಮತ್ತೆ ಜಾರುತ್ತದೆ. ಕೂತು ನೋಡುವವರಿಗೆ, ಹಿರಿಯರಿಗೆ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ಶಾಲಿನಷ್ಟು ಒಳ್ಳೆಯದು ಬೇರೆ ಇಲ್ಲ. ಆದರೆ ತಟ್ಟೆ ಹಿಡಿದು ಅರಿಶಿನ ಕುಂಕುಮ ಕೊಡುವವರು, ಮಗು ಎತ್ತಿಕೊಂಡವರು, ಬಡಿಸುವವರು ಶಾಲು ಹೊದ್ದರೆ ಒದ್ದಾಟ. ಅವರಿಗೆ ಸ್ವೆಟರ್. ಬೆಟ್ಟ ಹತ್ತುವವರಿಗೆ, ಗಾಳಿಯಲ್ಲಿ ನಿಲ್ಲುವವರಿಗೆ ಜಾಕೆಟ್.

ಇನ್ನೊಂದು ವಿಷಯ ಎಲ್ಲರೂ ಮರೆಯುತ್ತಾರೆ. ಅದು ಬೆಂಕಿ. ಹೋಮದ ಹತ್ತಿರ ಕೂರುವುದಿದ್ದರೆ, ಹಾಲುಕ್ಕಿಸುವ ಒಲೆಯ ಮುಂದೆ ನಿಲ್ಲುವುದಿದ್ದರೆ, ರಾತ್ರಿ ರೆಸಾರ್ಟಿನಲ್ಲಿ ಬೆಂಕಿ ಕಾಯಿಸುವುದಿದ್ದರೆ ಅಕ್ರಿಲಿಕ್ ಶಾಲು, ಪಾಲಿಯೆಸ್ಟರ್ ಜಾಕೆಟ್ ಬೇಡವೇ ಬೇಡ. ಕಿಡಿ ಬಿದ್ದರೆ ಅವು ಕರಗಿ ಮೈಗೆ ಅಂಟುತ್ತವೆ. ಉಣ್ಣೆ ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಕರಗುವುದೂ ಇಲ್ಲ. ಹಾಗಂತ ಉಣ್ಣೆಯ ಶಾಲಿನ ಕುಚ್ಚನ್ನು ಹೋಮಕುಂಡದ ಮೇಲೆ ತೂಗಾಡಿಸಬೇಡಿ. ಸಿಕ್ಕಿಸಿಕೊಂಡೇ ಕೂತುಕೊಳ್ಳಿ.

4. ಸ್ವೆಟರ್: ಉದ್ದ, ಹೆಣಿಗೆ, ತೋಳು

ಸೀರೆಗೆ ಮುಂದೆ ಪೂರ್ತಿ ತೆರೆಯುವ ಸ್ವೆಟರ್ ಮಾತ್ರ, ಅಂದರೆ ಗುಂಡಿಯ ಕಾರ್ಡಿಗನ್. ತಲೆಯಿಂದ ಇಳಿಸುವ ಸ್ವೆಟರ್ ಎಷ್ಟೇ ಚಂದ ಇರಲಿ, ಬೇಡ. ಹಾಕುವಾಗ ಜಡೆ, ಹೂವು, ಜುಮುಕಿ ಎಲ್ಲ ಹಾಳು. ತೆಗೆಯುವಾಗ ಸೆರಗೂ ಜೊತೆಗೇ ಬರುತ್ತದೆ.

ಉದ್ದ ಎಲ್ಲಿಯವರೆಗೆ? ಇದರಲ್ಲೇ ಜನ ಎಡವುವುದು. ಕಾರ್ಡಿಗನ್ ಒಂದೋ ಸೊಂಟಕ್ಕೆ, ನೆರಿಗೆ ಸಿಕ್ಕಿಸಿದ ಜಾಗಕ್ಕೆ ಬಂದು ನಿಲ್ಲಬೇಕು. ಇಲ್ಲವೇ ಮೊಣಕಾಲಿನ ಹತ್ತಿರ ಇಳಿಯಬೇಕು. ಪೃಷ್ಠದ ಮಧ್ಯಕ್ಕೆ ಬಂದು ನಿಲ್ಲುವ ಮಾಮೂಲಿ ಉದ್ದದ್ದು ಸೀರೆಯ ಮೇಲೆ ನೆರಿಗೆಯನ್ನು ಒತ್ತಿ ಹಿಡಿದು ಹೊಟ್ಟೆಯ ಹತ್ತಿರ ಉಬ್ಬಿಸುತ್ತದೆ. ಕೂತು ಎದ್ದಾಗ ಮೇಲಕ್ಕೆ ಸುರುಟಿಕೊಳ್ಳುತ್ತದೆ. ಪ್ಯಾಂಟಿನ ಮೇಲೆ ಹಾಕಿ ನೋಡಿ ಕೊಂಡವರಿಗೆಲ್ಲ ಇದು ಗೊತ್ತಾಗುವುದು ಮದುವೆ ಮನೆಯಲ್ಲಿ.

ಹೆಣಿಗೆ ಸಣ್ಣದಿರಲಿ, ಒತ್ತಾಗಿರಲಿ. ಜಡೆ ಹೆಣೆದಂಥ ದಪ್ಪ ಡಿಸೈನಿನ ಸ್ವೆಟರ್ ಫೋಟೋದಲ್ಲಿ ಚಂದ. ಆದರೆ ಅದರ ಕುಣಿಕೆಗಳಿಗೆ ಜರಿ ಸಿಕ್ಕಿಕೊಳ್ಳುತ್ತದೆ, ಬಳೆ ಸಿಕ್ಕಿಕೊಳ್ಳುತ್ತದೆ, ಸರದ ಕೊಂಡಿ ಸಿಕ್ಕಿಕೊಳ್ಳುತ್ತದೆ. ಒಂದು ಎಳೆ ಎಳೆದರೆ ಸ್ವೆಟರಿಗೂ ನಷ್ಟ, ಸೀರೆಗೂ ನಷ್ಟ. ಅಂಗಡಿಯಲ್ಲೇ ಪರೀಕ್ಷೆ ಮಾಡಿ. ನಿಮ್ಮ ಉಂಗುರದ ಹರಳಿನ ಅಂಚನ್ನು ಸ್ವೆಟರಿನ ಒಳಮೈ ಮೇಲೆ ಮೆಲ್ಲಗೆ ಆಡಿಸಿ. ತಡೆದರೆ ಅಲ್ಲೇ ಬಿಟ್ಟು ಬನ್ನಿ. ಒಂದು ದಪ್ಪ ಸ್ವೆಟರಿಗಿಂತ ಒಂದು ತೆಳ್ಳನೆಯ ಸ್ವೆಟರ್, ಅದರ ಮೇಲೊಂದು ಶಾಲು ಜಾಸ್ತಿ ಬೆಚ್ಚಗೆ. ಶಾಖ ಹಿಡಿದಿಡುವುದು ಎಳೆಗಳಲ್ಲ, ಎಳೆಗಳ ಮಧ್ಯೆ, ಪದರಗಳ ಮಧ್ಯೆ ನಿಂತ ಗಾಳಿ. ಸೆಖೆಯಾದಾಗ ಒಂದೊಂದಾಗಿ ತೆಗೆಯಲೂಬಹುದು.

ತೋಳಿನ ಅಳತೆ ನೋಡುವಾಗ ಆ ದಿನ ಹಾಕುವ ಬ್ಲೌಸನ್ನೇ ಹಾಕಿಕೊಂಡು ಹೋಗಿ. ಮೊಣಕೈವರೆಗಿನ ತೋಳು, ಅದಕ್ಕೆ ಕಸೂತಿ, ಮಣಿ ಕೆಲಸ ಇದ್ದರೆ ಬಿಗಿ ಸ್ವೆಟರಿನ ತೋಳು ಒಳಗೆ ಗಂಟಾಗಿ ಕೂರುತ್ತದೆ. ಪಫ್ ತೋಳಂತೂ ಚಪ್ಪಟೆ. ಸ್ವೆಟರ್ ಹಾಕಿಕೊಂಡು ಎರಡೂ ಕೈ ಮೇಲೆತ್ತಿ, ಅಕ್ಷತೆ ಹಾಕುವ ಹಾಗೆ. ಕಂಕುಳಲ್ಲಿ ಎಳೆದರೆ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ.

ಇನ್ನು ಸೆರಗು ಒಳಗೋ ಹೊರಗೋ? ಎರಡಕ್ಕೂ ದಾರಿ ಇದೆ. ಸ್ವೆಟರ್ ಮೊದಲು ಹಾಕಿ, ಸೆರಗನ್ನು ಅದರ ಮೇಲೆ ತಂದು ಪಿನ್ ಮಾಡಿದರೆ ಸೀರೆ ಪೂರ್ತಿ ಕಾಣುತ್ತದೆ, ಫೋಟೋಗೆ ಚೆನ್ನ. ಆದರೆ ಸೆಖೆಯಾದಾಗ ಪಿನ್ ಬಿಚ್ಚದೆ ಸ್ವೆಟರ್ ತೆಗೆಯಲಾಗದು. ನಾನು ಹೇಳುವುದು ಇನ್ನೊಂದು ದಾರಿ. ಸೆರಗನ್ನು ಅಂಗೈ ಅಗಲಕ್ಕೆ ಮಡಿಕೆ ಹಾಕಿ, ಭುಜದಲ್ಲಿ ಗಟ್ಟಿಯಾಗಿ ಪಿನ್ ಮಾಡಿ, ಅದರ ಮೇಲೆ ಸ್ವೆಟರ್ ಹಾಕಿ, ಗುಂಡಿ ತೆರೆದೇ ಬಿಡಿ. ಮುಂದೆ ಸೀರೆ ಕಾಣುತ್ತದೆ. ಹಿಂದೆ ಸೆರಗಿನ ತುದಿ ಸ್ವೆಟರಿನ ಕೆಳಗಿಂದ ಇಳಿದಿರುತ್ತದೆ. ತೆಗೆಯುವಾಗ ಎಡ ತೋಳನ್ನು ಕೊನೆಗೆ ಬಿಡಿಸಿಕೊಳ್ಳಿ, ಸೆರಗು ಅಲುಗುವುದಿಲ್ಲ.

ಕೊಡವರ ಶೈಲಿಯಲ್ಲಿ ಸೀರೆ ಉಡುವವರಿಗೆ ಈ ತಾಪತ್ರಯ ಅರ್ಧ ಕಡಿಮೆ. ನೆರಿಗೆ ಹಿಂದೆ, ಸೆರಗು ಎದೆ ಮುಚ್ಚಿಕೊಂಡು ಬಂದು ಬಲ ಭುಜಕ್ಕೆ ಪಿನ್. ಹೊಟ್ಟೆಯ ಹತ್ತಿರ ಉಬ್ಬುವುದಕ್ಕೆ ಮುಂದೆ ನೆರಿಗೆಯೇ ಇಲ್ಲ. ಅವರು ತೆಗೆಯುವಾಗ ಬಲ ತೋಳನ್ನು ಕೊನೆಗೆ ಬಿಡಿಸಿಕೊಂಡರಾಯಿತು.

5. ಶಾಲು: ಅಗಲ ನೋಡಿ, ಹೆಸರು ನಂಬಬೇಡಿ

ಪೂರ್ತಿ ಶಾಲು ಅಂದರೆ ಸುಮಾರು ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದ. ಸ್ಟೋಲ್ ಅಂದರೆ ಅದೇ ಉದ್ದ, ಅಗಲ ಮಾತ್ರ ಎಪ್ಪತ್ತು ಸೆಂಟಿಮೀಟರ್ ಆಸುಪಾಸು. ಸೀರೆಗೆ ಪೂರ್ತಿ ಶಾಲನ್ನೇ ಆರಿಸಿ. ಉದ್ದಕ್ಕೆ ಎರಡಾಗಿ ಮಡಚಿದರೆ ಅರ್ಧ ಮೀಟರ್ ಅಗಲ ಉಳಿಯುತ್ತದೆ, ಭುಜದಿಂದ ಸೊಂಟಕ್ಕೆ ಬೇಕಾದಷ್ಟೇ. ಬೆನ್ನಿನ ಆ ತೆರೆದ ಜಾಗ ಎರಡು ಪದರದಲ್ಲಿ ಮುಚ್ಚುತ್ತದೆ. ಸ್ಟೋಲ್ ಚೂಡಿದಾರಿಗೆ ಚೆನ್ನ.

ಬೆಟ್ಟದೂರಿನ ರಸ್ತೆ ಬದಿಯಲ್ಲಿ ಮುನ್ನೂರು ರೂಪಾಯಿಗೆ "ಪಶ್ಮಿನಾ ಮೇಡಂ, ಪ್ಯೂರ್" ಅನ್ನುತ್ತಾರೆ. ಪಶ್ಮಿನಾ ಅನ್ನುವುದು ಲಡಾಖಿನಂಥ ಎತ್ತರದ ಜಾಗದ ಮೇಕೆಯ ಒಳಕೂದಲು. ಅದನ್ನು ಬಾಚಿ ತೆಗೆದು, ನೂತು, ನೇಯ್ದು ಆ ಬೆಲೆಗೆ ಕೊಡುವುದು ಸಾಧ್ಯವೇ ಇಲ್ಲ. ಸಿಗುವುದು ಅಕ್ರಿಲಿಕ್ ಅಥವಾ ವಿಸ್ಕೋಸ್. ಅಕ್ರಿಲಿಕ್ ಅಂದರೆ ಉಣ್ಣೆಯ ಹಾಗೆ ಕಾಣುವ ಪ್ಲಾಸ್ಟಿಕ್ ನೂಲು. ವಿಸ್ಕೋಸ್ ಮರದ ತಿರುಳಿನಿಂದ ಮಾಡಿದ ನುಣುಪು ನೂಲು. ಉಂಗುರದೊಳಗೆ ತೂರಿಸಿ ತೋರಿಸಿದರೆ ಮರುಳಾಗಬೇಡಿ. ತೆಳ್ಳನೆಯ ವಿಸ್ಕೋಸ್ ಸ್ಟೋಲೂ ಉಂಗುರದಲ್ಲಿ ಸಲೀಸಾಗಿ ತೂರುತ್ತದೆ.

ಮನೆಗೆ ತಂದ ಮೇಲೆ ನಿಜ ತಿಳಿಯಲು ಕುಚ್ಚಿನ ಒಂದು ಎಳೆ ಸಾಕು. ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತಾನೇ ಆರುತ್ತದೆ, ಕರಿಯನ್ನು ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ, ಆರಿದ ಮೇಲೂ ಹಿಸುಕಲಾಗದು. ವಿಸ್ಕೋಸ್ ಕಾಗದ ಸುಟ್ಟ ಹಾಗೆ ಉರಿದು ಬೂದಿಯಾಗುತ್ತದೆ. ಅಕ್ರಿಲಿಕ್ ಅಂತ ಗೊತ್ತಾದರೆ ಎಸೆಯಬೇಕಿಲ್ಲ. ಒಣ ಚಳಿಗೆ ಅದೂ ನಡೆಯುತ್ತದೆ, ಬೆಂಕಿಯಿಂದ ದೂರ ಇಡಿ. ಮಂಜಿನ ಚಳಿಗೆ ಮಾತ್ರ ಉಣ್ಣೆಯೇ ಆಗಬೇಕು. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಮುಟ್ಟಲು ಒದ್ದೆ ಅನ್ನಿಸುವುದಿಲ್ಲ. ಹತ್ತಿ ಒದ್ದೆಯಾದರೆ ಮೈಗೆ ಅಂಟಿ ಇನ್ನಷ್ಟು ತಣ್ಣಗೆ ಮಾಡುತ್ತದೆ.

ಇದೇ ಕಾರಣಕ್ಕೆ ಊಟಿಯಲ್ಲಿ ಸಿಗುವ ತೋಡರ ಕಸೂತಿ ಶಾಲಿನ ಬಗ್ಗೆ ಒಂದು ಮಾತು. ಬಿಳಿ ಬಟ್ಟೆಯ ಮೇಲೆ ಕೆಂಪು ಕಪ್ಪು ದಾರದ ಕೆಲಸ, ಸರಳ ಸೀರೆಯ ಮೇಲೆ ಅದರಷ್ಟು ಎದ್ದು ಕಾಣುವುದು ಇನ್ನೊಂದಿಲ್ಲ. ಆದರೆ ಬಟ್ಟೆ ದಪ್ಪ ಹತ್ತಿಯದು. ಮಂಜಿದ್ದ ದಿನ ಅದನ್ನೊಂದೇ ನಂಬಬೇಡಿ, ಒಳಗೊಂದು ತೆಳ್ಳನೆಯ ಸ್ವೆಟರ್ ಇರಲಿ. ನಮ್ಮ ಕುರಿ ಉಣ್ಣೆಯ ಕಂಬಳಿಯದು ಇದಕ್ಕೆ ತಿರುಗಾಮುರುಗಾ. ಜಿನುಗು ಮಳೆಯಲ್ಲೂ ಬೆಚ್ಚಗೆ, ಆದರೆ ಎಳೆ ಒರಟು. ಒಂದು ಗಂಟೆ ಉಜ್ಜಿದರೆ ರೇಷ್ಮೆಯ ಮೇಲೆ ನವಿರು ಎದ್ದುಬಿಡುತ್ತದೆ. ಅದನ್ನು ಜೀಪಿನಲ್ಲಿ ಕಾಲ ಮೇಲೆ ಹೊದ್ದುಕೊಳ್ಳಲು ಇಟ್ಟುಕೊಳ್ಳಿ.

ಗಾಢ ಬಣ್ಣದ ಹೊಸ ಶಾಲನ್ನು ಪರೀಕ್ಷೆ ಮಾಡದೆ ರೇಷ್ಮೆಯ ಮೇಲೆ ಹಾಕಲೇಬೇಡಿ. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ರಸ್ತೆ ಬದಿಯಲ್ಲಿ ಕೊಂಡ ಕಪ್ಪು ಸ್ಟೋಲ್, ಕೆನೆ ಬಣ್ಣದ ಸೀರೆ, ಎರಡು ಗಂಟೆಯ ಮಂಜು. ಭುಜದ ಮೇಲೆ ನೀಲಿ ಮಿಶ್ರಿತ ಕಪ್ಪು ಪಟ್ಟಿ ಇವತ್ತಿಗೂ ಇದೆ. ಪರೀಕ್ಷೆಗೆ ಒಂದು ಬಿಳಿ ಕರ್ಚೀಫ್ ಒದ್ದೆ ಮಾಡಿ ಹಿಂಡಿ, ಶಾಲಿನ ಮೂಲೆಯ ಮೇಲೆ ಇಪ್ಪತ್ತು ಸಲ ಉಜ್ಜಿ. ಬಣ್ಣ ಹತ್ತಿದರೆ ಎರಡು ಮೂರು ಸಲ ತಣ್ಣೀರಲ್ಲಿ ಒಗೆಯುವ ತನಕ ಅದು ಕಪಾಟಿನಲ್ಲೇ ಇರಲಿ.

ಹೊದ್ದುಕೊಳ್ಳುವ ಬಗೆ: ಮಡಚಿದ ಶಾಲನ್ನು ಎಡ ಭುಜದ ಮೇಲೆ, ಸೆರಗಿನ ಮೇಲೇ ಹಾಕಿ. ಉದ್ದದ ಭಾಗ ಬೆನ್ನ ಕಡೆ ಇರಲಿ. ಅದನ್ನು ಬೆನ್ನಿನಿಂದ ತಂದು, ಬಲ ಕಂಕುಳ ಕೆಳಗಿಂದ ಮುಂದಕ್ಕೆ ಎಳೆದು, ತುದಿಯನ್ನು ಮತ್ತೆ ಎಡ ಭುಜದ ಮೇಲೆ ಎಸೆಯಿರಿ. ಬಲಗೈ ಬಿಡುವಾಗಿರುತ್ತದೆ. ಪಿನ್ ಹಾಕುವುದಾದರೆ ಶಾಲು ಮತ್ತು ಬ್ಲೌಸಿನ ಭುಜದ ಹೊಲಿಗೆಯನ್ನು ಸೇರಿಸಿ ಹಾಕಿ, ರೇಷ್ಮೆಯನ್ನು ಚುಚ್ಚಬೇಡಿ. ಪಿನ್ನಿನ ಸುರುಳಿಯ ಕಡೆಗೆ ಒಂದು ಸಣ್ಣ ಮಣಿ ಪೋಣಿಸಿಕೊಂಡರೆ ಬಟ್ಟೆ ಸುರುಳಿಯೊಳಗೆ ಸಿಕ್ಕಿ ಹರಿಯುವುದಿಲ್ಲ.

6. ಜಾಕೆಟ್: ಚೂಡಿದಾರಿಗೆ, ಜುಬ್ಬಕ್ಕೆ, ಪಂಚೆಗೆ

ಚೂಡಿದಾರಿನ ಟಾಪಿಗೆ ಪಕ್ಕದಲ್ಲಿ ಸೀಳು ಇರುತ್ತದಲ್ವಾ, ಜಾಕೆಟ್ ಆ ಸೀಳು ಶುರುವಾಗುವ ಜಾಗಕ್ಕಿಂತ ಮೇಲೆ ನಿಲ್ಲಬೇಕು. ಅದನ್ನು ದಾಟಿ ಒಂದು ಗೇಣು ಇಳಿದರೆ ಸೀಳಿನ ಎರಡೂ ಅಂಚು ಹೊರಗೆ ಚಾಚಿಕೊಂಡು ಲಂಗದ ಹಾಗೆ ಅಗಲವಾಗುತ್ತದೆ. ವೇಲನ್ನು ಜಾಕೆಟ್ಟಿನ ಒಳಗೆ, ಕತ್ತಿನ ಸುತ್ತ ಒಂದು ಸುತ್ತು ಹಾಕಿ ಬಿಡಿ. ಮಫ್ಲರ್ ಬೇಕಾಗುವುದಿಲ್ಲ. ತೋಳಿನ ತುದಿಯಲ್ಲಿ ವೆಲ್ಕ್ರೋ, ಅಂದರೆ ಚರ್ ಅಂತ ಅಂಟಿ ಬಿಡುವ ಪಟ್ಟಿ ಇರುವ ಜಾಕೆಟ್ ಬೇಡ. ಜಾರ್ಜೆಟ್ ವೇಲ್ ಒಮ್ಮೆ ಅದಕ್ಕೆ ಅಂಟಿದರೆ ಎಳೆ ಎಳೆಯಾಗಿ ಬರುತ್ತದೆ.

ಗಂಡಸರ ಜುಬ್ಬದ ಮೇಲೆ ತೋಳಿಲ್ಲದ ನೆಹರೂ ಜಾಕೆಟ್ ಚೆನ್ನ, ಆದರೆ ಬಟ್ಟೆ ನೋಡಿ. ಮದುವೆಗೆಂದು ಮಾರುವ ರೇಷ್ಮೆ ಹೊಳಪಿನವು ಬರೀ ಅಲಂಕಾರಕ್ಕೆ. ಉಣ್ಣೆ ಅಥವಾ ಟ್ವೀಡ್ ಬಟ್ಟೆಯದಾದರೆ ಮಡಿಕೇರಿ, ಚಿಕ್ಕಮಗಳೂರಿಗೆ ಅದೊಂದೇ ಸಾಕು. ಊಟಿಗೆ ಜುಬ್ಬದ ಒಳಗೆ ಥರ್ಮಲ್ ಬನಿಯನ್ ಸೇರಿಸಿ. ಪಂಚೆಯ ಕೆಳಗೆ ಹಾಕುವ ಥರ್ಮಲ್ ಬಿಳಿ ಅಥವಾ ಮೈಬಣ್ಣದ್ದೇ ಆಗಬೇಕು, ಕಪ್ಪಗಿನದು ಬಿಳಿ ಪಂಚೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅಂಗಿ ತೆಗೆದು ಪೂಜೆಗೆ ಕೂರಬೇಕಾದ ಕಡೆ ಜಾಕೆಟ್ಟಿಗೆ ಅರ್ಥವಿಲ್ಲ. ಅಲ್ಲಿ ಶಲ್ಯದ ಮೇಲೊಂದು ಉಣ್ಣೆ ಶಾಲು. ಹಿಂದೆ ಮಡಿಗೆ ಉಣ್ಣೆಯ ಧಾಬಳಿ ಉಡುತ್ತಿದ್ದವರು ಇದ್ದರು. ಹಾಗಾಗಿ ಉಣ್ಣೆ ಹೊದ್ದರೆ ಮನೆಯ ಹಿರಿಯರೂ ಸಾಮಾನ್ಯವಾಗಿ ಏನೂ ಅನ್ನುವುದಿಲ್ಲ.

7. ಬಣ್ಣ

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸೀರೆಯ ಮೈಬಣ್ಣಕ್ಕೆ ಹೊಂದಿಸಲು ಹೋದರೆ ಅರ್ಧ ಛಾಯೆ ಆಚೀಚೆಯಾಗಿ ಎರಡೂ ಮಂಕಾಗುತ್ತವೆ. ಅಂಚಿನ ಬಣ್ಣ ಹಿಡಿಯಿರಿ. ಒಂದೇ ಒಂದು ಕೊಳ್ಳುವುದಾದರೆ ಬಾದಾಮಿ ಸಿಪ್ಪೆಯ ಕಂದು ಬಣ್ಣ ತೆಗೆದುಕೊಳ್ಳಿ, ಚಿನ್ನದ ಜರಿ ಇರುವ ಯಾವ ಸೀರೆಗೂ ಹೋಗುತ್ತದೆ.

8. ಒಂದು ಬೆಳಗ್ಗೆಯ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸಂಕ್ರಾಂತಿ ಕಳೆದ ಮೇಲೆ, ಜನವರಿ ಕೊನೆಯಲ್ಲಿ ಮಡಿಕೇರಿಯಲ್ಲಿ ಹೊಸ ಮನೆಯ ಗೃಹಪ್ರವೇಶ. ಬೆಳಗ್ಗೆ 13 ಡಿಗ್ರಿ, ಹನ್ನೊಂದಕ್ಕೆ 24. ಹೊಸ ನೆಲ ಮಂಜುಗಡ್ಡೆಯ ಹಾಗೆ, ಎಲ್ಲರೂ ಬರಿಗಾಲು. ಮನೆಯಲ್ಲಿ ನಾಲ್ಕು ಜನ.

ಅಮ್ಮ ಪೂಜೆಗೆ ಕೂರುವವರು, ಕಾಂಚೀಪುರಂ ಸೀರೆ. ಒಳಗೆ ಥರ್ಮಲ್ ಲೆಗಿಂಗ್ಸ್. ಮನೆಯಿಂದ ಹೊರಟು ಹೊಸಿಲು ದಾಟುವ ತನಕ ಮಡಚಿದ ಉಣ್ಣೆ ಶಾಲು. ಹೋಮ ಶುರುವಾದ ಮೇಲೆ ಮುಂದೆ ಕಾವು, ಬೆನ್ನಿಗೆ ಚಳಿ. ಆಗ ಶಾಲನ್ನು ಮಗಳ ಕೈಗೆ ಕೊಟ್ಟು, ಸೆರಗನ್ನೇ ಬಲ ಭುಜದ ಮೇಲೆ ಹೊದ್ದು ಸೊಂಟಕ್ಕೆ ಸಿಕ್ಕಿಸಿದರೆ ಸಾಕು. ಅದಕ್ಕೆ ಸೆರಗನ್ನು ಒಂದು ಗೇಣು ಉದ್ದ ಬಿಟ್ಟೇ ಉಟ್ಟಿರಬೇಕು.

ಅಪ್ಪನಿಗೆ ಪಂಚೆ, ಶಲ್ಯ, ಮೇಲೊಂದು ಕೆನೆ ಬಣ್ಣದ ಉಣ್ಣೆ ಶಾಲು. ಪಂಚೆಯ ಕೆಳಗೆ ಮೊಣಕಾಲಿನವರೆಗಿನ ಬಿಳಿ ಥರ್ಮಲ್. ಪೂಜೆ ಮುಗಿದ ಮೇಲೆ ಜುಬ್ಬ, ಟ್ವೀಡ್ ಜಾಕೆಟ್.

ಮಗಳು ಓಡಾಡುವವಳು, ಬಂದವರಿಗೆ ಕಾಫಿ ಕೊಡುವವಳು. ಚೂಡಿದಾರ್, ಸೊಂಟದುದ್ದದ ಸಣ್ಣ ಹೆಣಿಗೆಯ ಕಾರ್ಡಿಗನ್. ಅವಳಿಗೆ ಶಾಲು ಕೊಟ್ಟರೆ ಕಾಫಿ ತಟ್ಟೆಯ ಮೇಲೇ ಬೀಳುತ್ತದೆ.

ಅಜ್ಜಿಗೆ ಹತ್ತಿ ಸೀರೆ. ಹಿರಿಯರಿಗೆ ಹನ್ನೊಂದಕ್ಕೂ ಅಷ್ಟೇನೂ ಸೆಖೆಯಾಗುವುದಿಲ್ಲ, ಹಾಗಾಗಿ ಇಲ್ಲಿ ಮಾತ್ರ ಉಣ್ಣೆ ಬ್ಲೌಸ್ ಸರಿ. ಮೇಲೆ ಪೂರ್ತಿ ಬಿಡಿಸಿದ ಶಾಲು, ಕಾಲ ಕೆಳಗೆ ಚಾಪೆಯ ಮೇಲೆ ಮಡಚಿದ ಕಂಬಳಿ. ಬೆಳಗಿನ ಜಾವ ತಲೆಗೆ ಸ್ನಾನ ಮಾಡಿದ್ದರೆ ಕೂದಲು ಪೂರ್ತಿ ಆರಿಸಿ. ಒದ್ದೆ ಜಡೆ ಬೆನ್ನ ಮೇಲಿದ್ದರೆ ಯಾವ ಶಾಲೂ ಕೆಲಸ ಮಾಡಲ್ಲ.

ಇವಿಷ್ಟರಲ್ಲಿ ಹೊಸದಾಗಿ ಕೊಳ್ಳಬೇಕಾದದ್ದು ಎರಡು ಥರ್ಮಲ್, ಒಂದು ಕಾರ್ಡಿಗನ್. ಉಳಿದದ್ದು ಮನೆಯ ಟ್ರಂಕಿನಲ್ಲೇ ಇರುತ್ತದೆ. ಕಾರ್ಡಿಗನ್ನನ್ನು ಬೆಟ್ಟದೂರಿಗೆ ಹೋಗಿ ಕೊಳ್ಳೋಣ ಅಂತ ಕಾಯಬೇಡಿ. ಚಳಿಗಾಲದಲ್ಲಿ ನಮ್ಮ ಊರುಗಳಿಗೇ ಬಂದು ಟಿಬೆಟಿಯನ್ನರು ಹಾಕುವ ಸ್ವೆಟರ್ ಅಂಗಡಿಗಳ ಮಾಲೂ, ಊಟಿಯ ಅಂಗಡಿಗಳ ಮಾಲೂ ಬಹುಪಾಲು ಲುಧಿಯಾನದ್ದೇ.

9. ಹೊರಡುವ ಮೂರು ದಿನ ಮೊದಲು

ಟ್ರಂಕಿನಿಂದ ತೆಗೆದ ಉಣ್ಣೆಗೆ ನುಸಿಗುಳಿಗೆಯ ವಾಸನೆ ಹಿಡಿದಿರುತ್ತದೆ, ಮಲ್ಲಿಗೆ ಮುಡಿದರೂ ಮುಚ್ಚುವುದಿಲ್ಲ. ಮೂರು ದಿನ ನೆರಳಲ್ಲಿ ಗಾಳಿಗೆ ಹರವಿ. ಬೆಳಕಿಗೆ ಹಿಡಿದು ನುಸಿ ತಿಂದ ತೂತು ಇದೆಯಾ ನೋಡಿ. ಆಮೇಲೆ ಸೀರೆ ಉಟ್ಟು, ಮೇಲಿನದ್ದೆಲ್ಲ ಹಾಕಿಕೊಂಡು, ಕನ್ನಡಿಯ ಮುಂದೆ ಒಂದು ಸಲ ನೆಲದ ಮೇಲೆ ಕೂತು ಎದ್ದು ನೋಡಿ. ಸ್ವೆಟರ್ ಸುರುಟಿಕೊಂಡರೆ, ಶಾಲು ಜಾರಿದರೆ, ಅಲ್ಲೇ ಗೊತ್ತಾಗುತ್ತದೆ. ವಾಪಸ್ ಬಂದ ಮೇಲೆ ಸೀರೆ ಮತ್ತು ಸ್ವೆಟರನ್ನು ಒಟ್ಟಿಗೆ ಮಡಚಿಡಬೇಡಿ. ಮಂಜಿನ ತೇವ ಉಣ್ಣೆಯೊಳಗೆ ಇನ್ನೂ ಇರುತ್ತದೆ, ಅದು ತಗುಲಿ ಜರಿ ಕಪ್ಪಾಗುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಒಂದು ರಾತ್ರಿ ಗಾಳಿಗೆ ಬಿಟ್ಟು, ಆಮೇಲೆ ಒಳಗಿಡಿ.